ಎರಡು ಫಾರ್ಮ್ 16, ಒಂದು ಇಮೇಲ್

ವರ್ಷದ ನಡುವೆ ಕೆಲಸ ಬದಲಿಸಿದವರು ಆಡಿಟರಿಗೆ ಬರೆಯುವ ಇಮೇಲ್ ಹೆಚ್ಚಾಗಿ ಎರಡೇ ಸಾಲಿನದು. ‘ಸರ್, ಫಾರ್ಮ್ 16 ಕಳಿಸಿದ್ದೇನೆ. ರಿಟರ್ನ್ಸ್ ಫೈಲ್ ಮಾಡಿಕೊಡಿ.’ ಜೊತೆಗಿರುವ ಪಿಡಿಎಫ್ ಹೊಸ ಕಂಪನಿಯದು. ಹಳೆಯ ಕಂಪನಿಯ ಸುದ್ದಿಯೇ ಇರುವುದಿಲ್ಲ. ಇಷ್ಟಕ್ಕೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಬೆಂಗಳೂರಿನ ಒಬ್ಬ ಉದ್ಯೋಗಿ ಎಂದಿಟ್ಟುಕೊಳ್ಳಿ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಂಪನಿಯಲ್ಲಿ ತಿಂಗಳಿಗೆ 1 ಲಕ್ಷ ರೂಪಾಯಿ ಸಂಬಳ. ಅಕ್ಟೋಬರ್‌ನಿಂದ 2026ರ ಮಾರ್ಚ್‌ವರೆಗೆ ಇನ್ನೊಂದು ಕಂಪನಿಯಲ್ಲಿ ತಿಂಗಳಿಗೆ 1.5 ಲಕ್ಷ. ಬ್ಯಾಂಕಿನಲ್ಲಿಟ್ಟ ಎಫ್‌ಡಿಗೆ ವರ್ಷಕ್ಕೆ 25 ಸಾವಿರ ಬಡ್ಡಿ ಬಂದಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಅದನ್ನು ಕಳೆದ ಮೇಲೆ ಉಳಿಯುವ ಆದಾಯ 12 ಲಕ್ಷದೊಳಗಿದ್ದರೆ ರಿಬೇಟ್ ಸಿಕ್ಕು ತೆರಿಗೆ ಸೊನ್ನೆಯಾಗುತ್ತದೆ.

ಮೊದಲ ಕಂಪನಿ ಇಡೀ ವರ್ಷಕ್ಕೆ 12 ಲಕ್ಷ ಎಂದು ಅಂದಾಜು ಮಾಡಿ, ತೆರಿಗೆ ಬರುವುದಿಲ್ಲವೆಂದು ಟಿಡಿಎಸ್ ಹಿಡಿಯಲಿಲ್ಲ. ಎರಡನೆಯದು ತಾನು ಕೊಟ್ಟ 9 ಲಕ್ಷವನ್ನಷ್ಟೇ ನೋಡಿತು, ಅದೂ ಹಿಡಿಯಲಿಲ್ಲ. ಎರಡೂ ಕಡೆ ತೆರಿಗೆ ಸೊನ್ನೆ. ಆದರೆ ಕಾನೂನಿನ ಕಣ್ಣಿಗೆ ಇವರು ಒಬ್ಬರೇ ವ್ಯಕ್ತಿ. ಸಂಬಳ 15 ಲಕ್ಷ, ಬಡ್ಡಿ 25 ಸಾವಿರ, ಅದರಲ್ಲಿ 75 ಸಾವಿರ ಕಳೆದರೆ 14.5 ಲಕ್ಷ. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ 4 ಲಕ್ಷಕ್ಕೆ 20 ಸಾವಿರ, ಅದರ ಮುಂದಿನ 4 ಲಕ್ಷಕ್ಕೆ 40 ಸಾವಿರ, ಉಳಿದ 2.5 ಲಕ್ಷಕ್ಕೆ 37,500. ಶೇ 4ರ ಸೆಸ್ ಸೇರಿಸಿದರೆ ಒಟ್ಟು 1,01,400 ರೂಪಾಯಿ. ರಿಬೇಟನ್ನು ಎರಡು ಕಂಪನಿಗಳೂ ಒಮ್ಮೊಮ್ಮೆ ಕೊಟ್ಟವು, ಇವರಿಗೆ ಒಂದು ಸಲವೂ ಅದರ ಅರ್ಹತೆ ಇರಲಿಲ್ಲ.

ಇದರಲ್ಲಿ ಯಾರ ಮೋಸವೂ ಇಲ್ಲ. ಹೊಸ ಕಂಪನಿಗೆ ಸೇರಿದ ತಿಂಗಳೇ ಫಾರ್ಮ್ 12ಬಿಯಲ್ಲಿ ಹಳೆಯ ಸಂಬಳದ ವಿವರ ಕೊಟ್ಟಿದ್ದರೆ ಅವರೇ ಆರು ತಿಂಗಳಲ್ಲಿ ತೆರಿಗೆ ಹಿಡಿದುಕೊಳ್ಳುತ್ತಿದ್ದರು. ಸೇರುವ ದಿನ ಕೊಡುವ ಕಾಗದಗಳ ಕಟ್ಟಿನಲ್ಲಿ ಅದೊಂದು ಫಾರ್ಮ್ ತುಂಬದೇ ಉಳಿದುಬಿಡುತ್ತದೆ.

ಈಗ ಆಡಿಟರ ಮೇಜಿನ ಕಡೆಯಿಂದ ನೋಡಿ. ಅವರ ಮುಂದಿರುವುದು ಒಂದು ಫಾರ್ಮ್ 16 ಮತ್ತು ಇಲಾಖೆಯ ಪೋರ್ಟಲ್‌ನಲ್ಲಿ ಸಿಗುವ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್. ಟಿಡಿಎಸ್ ಹಿಡಿದಿದ್ದರೆ ಆ ಸಂಬಳ ಎಐಎಸ್‌ನಲ್ಲಿ ಕಾಣುತ್ತದೆ. ಹಿಡಿಯದೇ ಇದ್ದಾಗ ಹಳೆಯ ಕಂಪನಿಯ ಸಂಬಳ ಅಲ್ಲಿ ಕಾಣದೇ ಹೋಗಬಹುದು. ತೆರಿಗೆಯೇ ಕಡಿತವಾಗದವರಿಗೆ ಫಾರ್ಮ್ 16 ಕೊಡಲೇಬೇಕೆಂಬ ಕಟ್ಟುಪಾಡೂ ಕಂಪನಿಗಿಲ್ಲ, ಹಲವರು ಕೊಡುತ್ತಾರೆ ಅಷ್ಟೇ. ಹಾಗಾಗಿ ಸೆಪ್ಟೆಂಬರ್‌ವರೆಗೆ ನೀವು ಬೇರೆಡೆ ದುಡಿದಿದ್ದಿರಿ ಎಂಬುದು ಆಡಿಟರಿಗೆ ತಿಳಿಯುವ ಒಂದೇ ದಾರಿ ನಿಮ್ಮ ಇಮೇಲ್. ನೀವು ಬರೆಯದೆ, ಅವರೂ ಕೇಳದೆ 8.25 ಲಕ್ಷಕ್ಕೆ ಸೊನ್ನೆ ತೆರಿಗೆಯ ರಿಟರ್ನ್ಸ್ ಹೋಗಿಬಿಟ್ಟರೆ, ಮುಂದೆ ಇಲಾಖೆ ಕಂಡುಹಿಡಿದಾಗ ತೆರಿಗೆ, ಬಡ್ಡಿಯ ಜೊತೆಗೆ ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಅರ್ಧದಷ್ಟು ದಂಡ ಬೀಳುವ ಸಾಧ್ಯತೆಯಿದೆ. ಅದನ್ನು ಕಟ್ಟಬೇಕಾದವರು ಆಡಿಟರಲ್ಲ, ನೀವು.

ಆದ್ದರಿಂದ ಇಮೇಲಿನಲ್ಲಿ ಕಡತಗಳಿಗಿಂತ ಮೊದಲು ವರ್ಷದ ಕಥೆ ಬರಬೇಕು. ಈ ಉದ್ಯೋಗಿ ಬರೆಯಬೇಕಾದ ಪತ್ರ ಹೀಗಿರಬಹುದು:

*ವಿಷಯ: 2025-26ರ ಆದಾಯದ ರಿಟರ್ನ್ಸ್: ದಾಖಲೆಗಳು ಮತ್ತು ನಾಲ್ಕು ಪ್ರಶ್ನೆಗಳು*

*ನಮಸ್ಕಾರ ಸರ್,*

*ಕಳೆದ ವರ್ಷ ನಾನು ಕೆಲಸ ಬದಲಿಸಿದೆ. ಸೆಪ್ಟೆಂಬರ್ 30ರವರೆಗೆ ಮೊದಲ ಕಂಪನಿ, ಅಕ್ಟೋಬರ್ 1ರಿಂದ ಈಗಿನ ಕಂಪನಿ. ಹೊಸ ಕಂಪನಿಗೆ ಫಾರ್ಮ್ 12ಬಿ ಕೊಟ್ಟಿರಲಿಲ್ಲ. ಎರಡೂ ಕಡೆ ಟಿಡಿಎಸ್ ಆಗಿಲ್ಲ.*

*ಲಗತ್ತಿಸಿರುವುದು: ಹೊಸ ಕಂಪನಿಯ ಫಾರ್ಮ್ 16, ಹಳೆಯ ಕಂಪನಿ ಫಾರ್ಮ್ 16 ಕೊಟ್ಟಿಲ್ಲವಾದ್ದರಿಂದ ಆರು ತಿಂಗಳ ಪೇ ಸ್ಲಿಪ್ ಮತ್ತು ಫೈನಲ್ ಸೆಟ್ಲ್‌ಮೆಂಟ್ ಪತ್ರ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಎಐಎಸ್ ಮತ್ತು 26ಎಎಸ್, ನಿನ್ನೆ ಡೌನ್‌ಲೋಡ್ ಮಾಡಿದ್ದು.*

*ಪಿಎಫ್ ಹಣ ತೆಗೆದಿಲ್ಲ, ಹೊಸ ಖಾತೆಗೆ ವರ್ಗಾಯಿಸಿದ್ದೇನೆ. ಷೇರು, ಮ್ಯೂಚುವಲ್ ಫಂಡ್ ಮಾರಿಲ್ಲ. ಬಾಡಿಗೆ ಮನೆಯಲ್ಲಿದ್ದೇನೆ, ತಿಂಗಳಿಗೆ 25 ಸಾವಿರ ಬಾಡಿಗೆ.*

*ದಯವಿಟ್ಟು ತಿಳಿಸಿ: ಯಾವ ಐಟಿಆರ್ ಫಾರ್ಮ್? ಹಳೆಯ ಪದ್ಧತಿ ನನಗೆ ಲಾಭವೇ? ತೆರಿಗೆ ಬಾಕಿ ಎಷ್ಟು, ಬಡ್ಡಿ ಸೇರಿ, ಯಾವ ದಿನದೊಳಗೆ ಕಟ್ಟಬೇಕು? ಸಲ್ಲಿಸಿ, ಇ-ವೆರಿಫೈ ಮಾಡುವವರು ನೀವೋ ನಾನೋ?*

ಈ ಪತ್ರದಲ್ಲಿ ‘ಇಲ್ಲ’ ಎಂಬ ಮಾತುಗಳನ್ನು ಗಮನಿಸಿ. ಪಿಎಫ್ ತೆಗೆದಿಲ್ಲ, ಷೇರು ಮಾರಿಲ್ಲ. ಕೆಲಸ ಬಿಟ್ಟವರಲ್ಲಿ ಪಿಎಫ್ ತೆಗೆಯುವವರು ಬಹಳ. ಒಟ್ಟು ಸೇವೆ ಐದು ವರ್ಷ ತುಂಬುವ ಮೊದಲು ತೆಗೆದರೆ ಸಾಮಾನ್ಯವಾಗಿ ಅದಕ್ಕೆ ತೆರಿಗೆ ಬರುತ್ತದೆ. ಷೇರು ಮಾರಿ ಅಲ್ಪಾವಧಿ ಲಾಭ ಬಂದಿದ್ದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ಇಲ್ಲ ಎಂದು ಬರೆದುಕೊಟ್ಟರೆ ಆಡಿಟರು ಅದನ್ನೇ ಕೇಳಿ ಮತ್ತೊಂದು ಮೇಲ್ ಹಾಕುವ ಕೆಲಸ ತಪ್ಪುತ್ತದೆ.

ಕಳಿಸುವ ಹೊತ್ತೂ ಮುಖ್ಯ. ಕಂಪನಿಗಳು ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರವನ್ನು ಮೇ 31ರೊಳಗೆ ಇಲಾಖೆಗೆ ಕೊಡುತ್ತವೆ, ಫಾರ್ಮ್ 16 ಬರುವುದು ಜೂನ್ 15ರ ಹೊತ್ತಿಗೆ. ಅದಕ್ಕೂ ಮೊದಲು ಇಳಿಸಿಕೊಂಡ ಎಐಎಸ್ ಅರೆಬರೆ ಇರುತ್ತದೆ. ಜೂನ್ ಮೂರನೇ ವಾರ ಕಳಿಸಿದರೆ ಜುಲೈ 31ರ ಗಡುವಿಗೆ ಬೇಕಾದಷ್ಟು ದಿನ ಉಳಿಯುತ್ತವೆ. ಎಐಎಸ್‌ನ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ: ಸಣ್ಣಕ್ಷರದಲ್ಲಿ ನಿಮ್ಮ ಪ್ಯಾನ್, ಅದಕ್ಕೆ ಅಂಟಿಕೊಂಡು ಹುಟ್ಟಿದ ದಿನ, ತಿಂಗಳು, ವರ್ಷದ ಎಂಟು ಅಂಕಿ. ಪೋರ್ಟಲ್‌ನ ಪಾಸ್‌ವರ್ಡನ್ನು ಮಾತ್ರ ಮೇಲಿನಲ್ಲಿ ಬರೆಯಬೇಡಿ. ಆ ಒಂದು ಪಾಸ್‌ವರ್ಡಿನಿಂದ ನಿಮ್ಮ ಹಲವು ವರ್ಷಗಳ ಆದಾಯ, ಬ್ಯಾಂಕ್ ಖಾತೆಗಳ ವಿವರವೆಲ್ಲ ತೆರೆದುಕೊಳ್ಳುತ್ತದೆ, ಮೇಲ್ ಪೆಟ್ಟಿಗೆಯಲ್ಲಿ ಅದು ವರ್ಷಗಟ್ಟಲೆ ಬಿದ್ದಿರುತ್ತದೆ. ಪೋರ್ಟಲ್‌ನಿಂದ ಪ್ರಿಫಿಲ್ಡ್ ಜೆಸನ್ ಫೈಲನ್ನು ನೀವೇ ಇಳಿಸಿ ಕಳಿಸಿದರೆ, ಅವರು ತಮ್ಮ ಸಾಫ್ಟ್‌ವೇರ್‌ನಲ್ಲಿ ರಿಟರ್ನ್ಸ್ ಸಿದ್ಧಮಾಡಿ ಮರಳಿಸಬಹುದು. ಅದನ್ನು ನಿಮ್ಮ ಲಾಗಿನ್‌ನಲ್ಲಿ ನೀವೇ ಅಪ್‌ಲೋಡ್ ಮಾಡಬಹುದು.

ಇನ್ನು ಉತ್ತರಗಳ ವಿಷಯ. ಈ ಉದ್ಯೋಗಿಗೆ ಐಟಿಆರ್-1 ಸಾಕು. ಹಳೆಯ ಪದ್ಧತಿಯ ಪ್ರಶ್ನೆಗೆ ಒಳ್ಳೆಯ ಆಡಿಟರು ಒಂದು ಅಂಕಿಯಲ್ಲಿ ಉತ್ತರ ಕೊಡುತ್ತಾರೆ. ಅಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ ಮಾತ್ರ, ಸ್ಲ್ಯಾಬ್‌ಗಳೂ ಬಿಗಿ. ಮನೆ ಬಾಡಿಗೆ ಭತ್ಯೆ, ಪಿಎಫ್, ವಿಮೆ ಎಲ್ಲ ಸೇರಿದ ಕಡಿತ 5.5 ಲಕ್ಷ ದಾಟಿದರೆ ಮಾತ್ರ ಹಳೆಯದು ಅಗ್ಗ. ತಿಂಗಳಿಗೆ 25 ಸಾವಿರ ಅಂದರೆ ವರ್ಷಕ್ಕೆ 3 ಲಕ್ಷ ಬಾಡಿಗೆ ಕೊಡುವವರಿಗೆ, ಭತ್ಯೆಯ ಲೆಕ್ಕದಲ್ಲಿ ಮೂಲ ವೇತನದ ಹತ್ತನೇ ಒಂದು ಭಾಗ ಕಳೆದುಹೋಗುವುದರಿಂದ, ಆ ಗೆರೆ ದಾಟುವುದು ಕಷ್ಟ. ಗೃಹಸಾಲದ ಬಡ್ಡಿಯೂ ಇದ್ದರೆ ಲೆಕ್ಕ ಬೇರೆ. ಹಳೆಯದನ್ನು ಆರಿಸಿಕೊಳ್ಳುವುದಾದರೆ ಗಡುವಿನೊಳಗೇ ರಿಟರ್ನ್ಸ್ ಸಲ್ಲಿಸಿರಬೇಕು, ತಡವಾದರೆ ಆ ಆಯ್ಕೆಯೇ ಹೋಗುತ್ತದೆ.

ಬಾಕಿ ತೆರಿಗೆಯ ಉತ್ತರವೇ ನೋಯಿಸುವಂಥದ್ದು. ಟಿಡಿಎಸ್ ಹಿಡಿಯದ ತೆರಿಗೆ 10 ಸಾವಿರ ಅಥವಾ ಅದಕ್ಕೂ ಹೆಚ್ಚಾದರೆ ಅದನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಮುಂಗಡವಾಗಿ ಕಟ್ಟಬೇಕಿತ್ತು. ಕಟ್ಟದ್ದಕ್ಕೆ 234ಸಿ ಕಲಮಿನಡಿ ಸುಮಾರು 5 ಸಾವಿರ ಬಡ್ಡಿ. ಅದರ ಮೇಲೆ ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರಂತೆ 234ಬಿ ಬಡ್ಡಿ, ಜುಲೈನಲ್ಲಿ ಕಟ್ಟಿದರೆ ನಾಲ್ಕು ತಿಂಗಳದ್ದು, 4 ಸಾವಿರಕ್ಕೂ ಸ್ವಲ್ಪ ಹೆಚ್ಚು. ಜೂನ್ ಮೂವತ್ತರೊಳಗೆ ಕಟ್ಟಿದರೆ ಇದರಲ್ಲಿ ಸಾವಿರ ರೂಪಾಯಿ ಉಳಿಯುತ್ತದೆ. ಅದಕ್ಕೇ ‘ಯಾವ ದಿನದೊಳಗೆ’ ಎಂದು ಕೇಳಬೇಕು. ರಿಟರ್ನ್ಸ್ ಸಿದ್ಧವಾಗುವವರೆಗೆ ತೆರಿಗೆ ಕಟ್ಟಲು ಕಾಯಬೇಕಾಗಿಲ್ಲ.

ಕಟ್ಟುವಾಗ ಕೈ ತಪ್ಪುವ ಜಾಗವೊಂದಿದೆ. ಪೋರ್ಟಲ್‌ನ e-Pay Tax ಪುಟದಲ್ಲಿ ವರ್ಷ ಆರಿಸಬೇಕು. 2025-26ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಆದರೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು, ಅದರಲ್ಲಿ ‘ತೆರಿಗೆ ವರ್ಷ’ ಎಂಬ ಲೆಕ್ಕ ಶುರುವಾಗಿದೆ. ತೆರಿಗೆ ವರ್ಷ 2026-27 ಅಂದರೆ ಈಗ ನಡೆಯುತ್ತಿರುವ ವರ್ಷದ ಆದಾಯ. ಅಂಕಿ ಒಂದೇ, ವರ್ಷ ಬೇರೆ. ನಮ್ಮ ಉದ್ಯೋಗಿ 1961ರ ಕಾಯ್ದೆಯಡಿ ಅಸೆಸ್‌ಮೆಂಟ್ ವರ್ಷ 2026-27ನ್ನೇ ಆರಿಸಬೇಕು, ಪಾವತಿಯ ಬಗೆಯಲ್ಲಿ Self-Assessment Tax (300) ಒತ್ತಬೇಕು. ತಪ್ಪಾಗಿ ಆರಿಸಿದರೆ ಹಣ ಸರ್ಕಾರಕ್ಕೆ ಸೇರಿದರೂ ರಿಟರ್ನ್ಸ್‌ನಲ್ಲಿ ಬಾಕಿ ಹಾಗೇ ಉಳಿಯುತ್ತದೆ. ಕಟ್ಟಿದ ಮೇಲೆ ಸಿಗುವ ಚಲನ್‌ನ ಪಿಡಿಎಫ್ ಅನ್ನು ಅದೇ ಮೇಲಿಗೆ ಉತ್ತರವಾಗಿ ಕಳಿಸಿ. ಅದರಲ್ಲಿರುವ ಬಿಎಸ್‌ಆರ್ ಕೋಡ್, ದಿನಾಂಕ, ಚಲನ್ ಸಂಖ್ಯೆ ಮೂರನ್ನೂ ರಿಟರ್ನ್ಸ್‌ನಲ್ಲಿ ತುಂಬಬೇಕಾಗುತ್ತದೆ.

ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ ಗೊಂದಲ ಅಲ್ಲೇ ಹೆಚ್ಚು. ಆಡಿಟರು ‘ಫೈಲ್ ಆಯ್ತು’ ಎನ್ನುತ್ತಾರೆ, ನೀವು ಮುಗಿಯಿತು ಅಂದುಕೊಳ್ಳುತ್ತೀರಿ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದಲೋ ನೆಟ್‌ಬ್ಯಾಂಕಿಂಗ್‌ನಿಂದಲೋ ಇ-ವೆರಿಫೈ ಆಗದಿದ್ದರೆ ಆ ರಿಟರ್ನ್ಸ್ ಗಡುವಿನೊಳಗೆ ಸಲ್ಲಿಸಿದ್ದೆಂದು ಲೆಕ್ಕಕ್ಕೆ ಬರುವುದಿಲ್ಲ. ಆದಾಯ 5 ಲಕ್ಷ ಮೀರಿದವರಿಗೆ ತಡದ ಶುಲ್ಕ 5 ಸಾವಿರ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಿಮ್ಮ ಮೊಬೈಲಿಗೆ, ಆದ್ದರಿಂದ ಆ ಕೆಲಸ ನಿಮ್ಮದೇ. ಅದಕ್ಕೂ ಮೊದಲು ಕರಡು ರಿಟರ್ನ್ಸ್ ತರಿಸಿಕೊಂಡು ಮೂರು ಅಂಕಿ ಹೊಂದಿಸಿ ನೋಡಿ: ಸಂಬಳದ ಜಾಗದಲ್ಲಿ 15 ಲಕ್ಷ ಇದೆಯೇ, ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ ಸಲ ಕಳೆದಿದ್ದಾರೆಯೇ, ಬಡ್ಡಿಯ 25 ಸಾವಿರ ಸೇರಿದೆಯೇ.

ವೆರಿಫೈ ಆದ ರಿಟರ್ನ್ಸ್ ಬೆಂಗಳೂರಿನಲ್ಲಿರುವ ಇಲಾಖೆಯ ಸಂಸ್ಕರಣಾ ಕೇಂದ್ರ ಸಿಪಿಸಿಗೆ ಹೋಗುತ್ತದೆ. ಅಲ್ಲಿಂದ 143(1) ಕಲಮಿನ ಸೂಚನಾಪತ್ರ ನಿಮ್ಮ ಇಮೇಲಿಗೆ ಬರುತ್ತದೆ. ಅದರಲ್ಲಿ ಎರಡು ಕಾಲಂ: ನೀವು ತೋರಿಸಿದ್ದು ಒಂದು, ಇಲಾಖೆ ಲೆಕ್ಕ ಹಾಕಿದ್ದು ಇನ್ನೊಂದು. ಎರಡೂ ಒಂದೇ ಆಗಿ ಬಾಕಿ ಸೊನ್ನೆ ಎಂದಿದ್ದರೆ ಆ ವರ್ಷದ ಕೆಲಸ ಆಯಿತು. ಅಂಕಿಯಲ್ಲಿ ವ್ಯತ್ಯಾಸವಿದ್ದರೆ ಪಿಡಿಎಫ್ ಅನ್ನು ಹಳೆಯ ಮೇಲಿನ ಕೆಳಗೇ ಆಡಿಟರಿಗೆ ಕಳಿಸಿ, ಯಾವ ಸಾಲಿನಲ್ಲಿ ಹೊಂದುತ್ತಿಲ್ಲ ಎಂದು ಬರೆದು ಕೇಳಿ.