ಪಿಂಗ್ ಹೋಗುತ್ತೆ, ವೆಬ್‌ಸೈಟ್ ಬರಲ್ಲ: ‘ನೆಟ್ ಇಲ್ಲ’ ಅನ್ನೋ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು

‘ನೆಟ್ ಇಲ್ಲ ಮಾರಾಯ’ ಅನ್ನೋ ಮಾತಿಗೆ ಮಂಗಳೂರಿನಲ್ಲಿ 2019ರ ಡಿಸೆಂಬರ್ ನಂತರ ಇನ್ನೊಂದು ಅರ್ಥವೂ ಸೇರಿಕೊಂಡಿತು. ಸಿಎಎ ವಿರೋಧಿ ಪ್ರತಿಭಟನೆಯ ಸಂದರ್ಭದಲ್ಲಿ ಡಿಸೆಂಬರ್ 19ರಂದು ಪೊಲೀಸ್ ಗೋಲಿಬಾರ್‌ಗೆ ಇಬ್ಬರು ಬಲಿಯಾದರು. ಅಂದು ರಾತ್ರಿಯಿಂದ 48 ಗಂಟೆ ಕಾಲ ಮೊಬೈಲ್ ಇಂಟರ್ನೆಟ್ ಸ್ಥಗಿತಗೊಳಿಸುವ ಆದೇಶ ಬಂತು. ಅದಾದ ಮೇಲೆ ಊರಿನಲ್ಲಿ ಸ್ವಲ್ಪ ಬಿಸಿ ಇದ್ದ ದಿನ ಒಂದೆರಡು ವೆಬ್‌ಸೈಟ್ ತೆರೆಯದಿದ್ರೂ ಸಾಕು, ‘ನೆಟ್ ಕಟ್ ಮಾಡಿದ್ರು’ ಅನ್ನೋ ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡೋಕೆ ಶುರುವಾಗುತ್ತೆ. ಅನುಮಾನಕ್ಕೆ ಕಾರಣ ಇದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಆ ಮೆಸೇಜ್ ಫಾರ್ವರ್ಡ್ ಮಾಡೋ ಮೊದಲು ಎರಡು ನಿಮಿಷ ಖರ್ಚು ಮಾಡಿದರೆ, ನಿಜವಾಗಿ ಏನಾಗಿದೆ ಅನ್ನೋದನ್ನು ಬಹುಮಟ್ಟಿಗೆ ಪತ್ತೆ ಮಾಡಬಹುದು.

ಒಂದು ಸಂದರ್ಭ ತಗೊಳ್ಳೋಣ. ಬಿಜೈಯ ಒಂದು ಪಿಜಿ. ಜೋರು ಮಳೆಯ ರಾತ್ರಿ, ಕರೆಂಟ್ ಹೋಗಿ ಬಂದಿದೆ. ವೈಫೈ ಗುರುತು ಪೂರ್ತಿ ತುಂಬಿದೆ, ರೂಟರ್‌ನಲ್ಲಿ ಹಸಿರು ದೀಪ ಉರೀತಿದೆ. ಆದರೆ ಸುದ್ದಿ ಸೈಟ್ ತೆರೆಯಲ್ಲ, ವಿಕಿಪೀಡಿಯ ತೆರೆಯಲ್ಲ, ಬ್ಯಾಂಕಿನದ್ದೂ ಇಲ್ಲ. ಕ್ರೋಮ್‌ನಲ್ಲಿ `ERR_NAME_NOT_RESOLVED` ಅಂತಲೋ `DNS_PROBE` ಅಂತ ಶುರುವಾಗುವ ಒಂದು ಸಾಲೋ ಕಾಣಿಸುತ್ತೆ. ತಮಾಷೆ ಏನಂದ್ರೆ, ಪಕ್ಕದ ರೂಮಿನವಳಿಗೆ ವಾಟ್ಸಾಪ್ ಮೆಸೇಜ್ ಬರ್ತಾನೇ ಇದೆ. ಈಗ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಎರಡು ಸಾಲು ಹೊಡೆದು ನೋಡಿ.

```
ping 8.8.8.8
Reply from 8.8.8.8: bytes=32 time=24ms TTL=117

ping wikipedia.org
Ping request could not find host wikipedia.org.
```

ಪಿಂಗ್ ಅಂದ್ರೆ ಒಂದು ಸಣ್ಣ ಕೂಗು. ‘ಓಯ್, ಇದ್ದೀರಾ?’ ಅಂತ ಕೇಳೋದು, ಆ ಕಡೆಯಿಂದ ‘ಇದ್ದೇನೆ’ ಅಂತ ಬಂದರೆ ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕೋದು. 8.8.8.8 ಗೂಗಲ್ ನಡೆಸುವ ಒಂದು ಸರ್ವರ್‌ನ ವಿಳಾಸ. ಅಲ್ಲಿಂದ ಉತ್ತರ ಬಂತು ಅಂದ್ರೆ ಬಿಜೈಯ ರೂಮಿನಿಂದ ರೂಟರ್, ಅಲ್ಲಿಂದ ಕೇಬಲ್, ಅಲ್ಲಿಂದ ಇಂಟರ್ನೆಟ್ ಕಂಪನಿ, ಅದರಾಚೆಯ ಜಗತ್ತು, ಇಷ್ಟೂ ದಾರಿ ತೆರೆದಿದೆ. ಕೇಬಲ್ ತುಂಡಾಗಿಲ್ಲ. ನೆಟ್ ಕಟ್ ಆಗಿಲ್ಲ. ಎರಡನೇ ಸಾಲಿನಲ್ಲಿ ಮಾತ್ರ ಯಂತ್ರ ಬೇರೆ ಮಾತು ಹೇಳ್ತಿದೆ: ‘ವಿಕಿಪೀಡಿಯ ಉತ್ತರ ಕೊಡ್ತಿಲ್ಲ’ ಅಂತಲ್ಲ, ‘ವಿಕಿಪೀಡಿಯ ಎಲ್ಲಿದೆ ಅಂತಲೇ ನನಗೆ ಗೊತ್ತಾಗ್ತಿಲ್ಲ’ ಅಂತ. ಇಡೀ ರೋಗಪರೀಕ್ಷೆ ನಿಂತಿರೋದು ಈ ವ್ಯತ್ಯಾಸದ ಮೇಲೆ.

ಇಂಟರ್ನೆಟ್ಟಿನಲ್ಲಿ ಮಾಹಿತಿ ಓಡಾಡೋದು ಸಂಖ್ಯೆಗಳ ಮೇಲೆ. ನಾವು ಟೈಪ್ ಮಾಡೋದು ಹೆಸರು. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡೋ ವ್ಯವಸ್ಥೆಯೇ ಡಿಎನ್‌ಎಸ್. ನಿಮ್ಮ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಮನೆಯ ರೂಟರನ್ನು ಕೇಳುತ್ತೆ, ರೂಟರ್ ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಸರ್ವರನ್ನು ಕೇಳುತ್ತೆ. ಗುಡ್ಡೆಯ ಮೇಲಿನ ಮನೆ ಹುಡುಕಿಕೊಂಡು ಬಂದವರು ಕೆಳಗಿನ ಅಂಗಡಿಯಲ್ಲಿ ವಿಚಾರಿಸ್ತಾರಲ್ಲ, ಹಾಗೆ. ಅಂಗಡಿ ಬಾಗಿಲು ಹಾಕಿದೆ ಅಂತ ಇಟ್ಟುಕೊಳ್ಳಿ. ರಸ್ತೆ ಚೆನ್ನಾಗಿದೆ, ಮನೆಯಲ್ಲಿ ಜನ ಇದ್ದಾರೆ, ಆದರೂ ನೀವು ತಲುಪಲ್ಲ.

ವಾಟ್ಸಾಪ್ ಯಾಕೆ ನಡೀತಿತ್ತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಆ ಆ್ಯಪ್ ಮೊದಲೇ ಸಂಪರ್ಕ ತೆರೆದಿಟ್ಟುಕೊಂಡಿದ್ದರೆ ಮತ್ತೆ ವಿಳಾಸ ಕೇಳುವ ಅಗತ್ಯ ಬರಲ್ಲ. ಒಮ್ಮೆ ಸಿಕ್ಕ ವಿಳಾಸವನ್ನು ಯಂತ್ರಗಳು ಕೆಲವು ನಿಮಿಷವೋ ಗಂಟೆಯೋ ನೆನಪಿಟ್ಟುಕೊಳ್ಳುತ್ವೆ ಕೂಡ. ಹಾಗಾಗಿ ಡಿಎನ್‌ಎಸ್ ಕೆಟ್ಟಾಗ ಎಲ್ಲವೂ ಒಮ್ಮೆಲೇ ನಿಲ್ಲಲ್ಲ. ಒಂದು ಸೈಟ್ ಹೋಗುತ್ತೆ, ಹತ್ತು ನಿಮಿಷಕ್ಕೆ ಇನ್ನೊಂದು. ವದಂತಿ ಹುಟ್ಟೋಕೆ ಇದಕ್ಕಿಂತ ಒಳ್ಳೆ ವಾತಾವರಣ ಬೇಕಾ? ‘ಆ ಸೈಟ್ ಮಾತ್ರ ಬಂದ್ ಮಾಡಿದ್ದಾರೆ ನೋಡಿ’ ಅನ್ನೋಕೆ ಕೈಯಲ್ಲಿ ಪುರಾವೆಯೇ ಇದ್ದ ಹಾಗೆ ಕಾಣುತ್ತೆ.

ಕೈಕೊಟ್ಟಿರೋದು ಯಾರು ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತೆ. ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಕೇಳಿ.

```
nslookup wikipedia.org
Address:  192.168.1.1
DNS request timed out.

nslookup wikipedia.org 1.1.1.1
```

ಮೊದಲನೆಯದು ನಿಮ್ಮ ರೂಟರ್ ಮೂಲಕ ಹೋಗುವ ಪ್ರಶ್ನೆ. ಎರಡನೆಯದು ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ಸರ್ವರಿಗೆ ನೇರವಾಗಿ ಕೇಳಿದ್ದು. ಎರಡನೆಯದಕ್ಕೆ ವಿಳಾಸ ಬಂದು ಮೊದಲನೆಯದು ಸುಮ್ಮನಿದ್ದರೆ, ಕೆಟ್ಟಿರೋದು ನಿಮ್ಮ ರೂಟರೋ ಕಂಪನಿಯ ಡಿಎನ್‌ಎಸ್ಸೋ. ರೂಟರ್ ಆಫ್ ಮಾಡಿ ಆನ್ ಮಾಡಿ. ಆಗಲೂ ಸರಿಹೋಗದಿದ್ದರೆ ಬಹುತೇಕ ಕಂಪನಿಯದ್ದೇ ಸಮಸ್ಯೆ. ಅವರಿಗೆ ಫೋನ್ ಮಾಡಿದಾಗ ‘ನೆಟ್ ಬರ್ತಿಲ್ಲ’ ಅನ್ನಬೇಡಿ. ‘ಪಿಂಗ್ ಹೋಗ್ತಿದೆ, ನಿಮ್ಮ ಡಿಎನ್‌ಎಸ್ ಉತ್ತರ ಕೊಡ್ತಿಲ್ಲ’ ಅನ್ನಿ. ಇಲ್ಲದಿದ್ರೆ ನಾಳೆ ಮಧ್ಯಾಹ್ನ ಒಬ್ಬರು ಬಂದು ಕೇಬಲ್ ಅಲ್ಲಾಡಿಸಿ ನೋಡಿ ಹೋಗ್ತಾರೆ, ಅಷ್ಟೇ. ಅಲ್ಲಿಯವರೆಗೆ ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 1.1.1.1 ಅಥವಾ 8.8.8.8 ಹಾಕಿಕೊಂಡರೆ ಕೆಲಸ ನಡೆಯುತ್ತೆ. ನೀವು ಯಾವ ಯಾವ ಸೈಟ್ ಕೇಳ್ತೀರಿ ಅನ್ನೋ ಪಟ್ಟಿ ಆಗ ಆ ವಿದೇಶಿ ಕಂಪನಿಗಳ ಕೈಗೂ ಹೋಗುತ್ತೆ ಅನ್ನೋದು ನೆನಪಿರಲಿ.

ಇದೇ ಲಕ್ಷಣ ಫೋನಿನಲ್ಲಿ ಕಂಡರೆ ಮೊದಲು ನಿಮ್ಮನ್ನೇ ಅನುಮಾನಿಸಿ. ಜಾಹೀರಾತು ತಡೆಯೋಕೆ ಅಂತ ಆಂಡ್ರಾಯ್ಡ್‌ನ `Private DNS` ಸೆಟ್ಟಿಂಗ್‌ನಲ್ಲಿ ಯಾವುದೋ ಹೆಸರು ಹಾಕಿ ಮರೆತವರು ಬಹಳ ಜನ. ಅದು 853ನೇ ಪೋರ್ಟ್ ಮೂಲಕ ಗೂಢಲಿಪಿಯಲ್ಲಿ ಮಾತಾಡುತ್ತೆ. ಕಾಲೇಜು ಅಥವಾ ಆಫೀಸಿನ ವೈಫೈ ಆ ಪೋರ್ಟ್ ಮುಚ್ಚಿಟ್ಟಿದ್ದರೆ, ಸಂಖ್ಯೆಗೆ ಪಿಂಗ್ ಹೋಗುತ್ತೆ, ಒಂದೇ ಒಂದು ಹೆಸರೂ ಸಿಗಲ್ಲ. ಸೆಟ್ಟಿಂಗನ್ನು `Automatic`ಗೆ ತಂದರೆ ಸರಿಯಾಗುತ್ತೆ.

ಈಗ ರಾಜಕೀಯದ ಭಾಗಕ್ಕೆ ಬರೋಣ. ಹೆಸರು ಹುಡುಕಿಕೊಡೋ ಈ ಅಂಗಡಿ ಕೆಟ್ಟು ನಿಲ್ಲೋದು ಮಾತ್ರ ಅಲ್ಲ, ಅದಕ್ಕೆ ಸುಳ್ಳು ಹೇಳೋಕೂ ಹೇಳಿಕೊಡಬಹುದು. ಭಾರತದಲ್ಲಿ ವೆಬ್‌ಸೈಟ್ ನಿರ್ಬಂಧಿಸುವ ಆದೇಶ ಬಂದಾಗ ಅದನ್ನು ತಾಂತ್ರಿಕವಾಗಿ ಹೇಗೆ ಜಾರಿ ಮಾಡಬೇಕು ಅನ್ನೋದು ಬಹುಮಟ್ಟಿಗೆ ಇಂಟರ್ನೆಟ್ ಕಂಪನಿಗಳಿಗೇ ಬಿಟ್ಟಿದ್ದು. ಬೆಂಗಳೂರು ಮತ್ತು ದೆಹಲಿಯಲ್ಲಿ ಕಚೇರಿಯಿದ್ದ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ವಿಧಾನ ಬಳಸ್ತಿದ್ದವು, ನಿರ್ಬಂಧಿಸಿದ ಸೈಟ್‌ಗಳ ಪಟ್ಟಿಯೂ ಒಂದೇ ಇರಲಿಲ್ಲ. ಅಂದ್ರೆ ನಿಮಗೆ ತೆರೆಯದ ಸೈಟ್ ಪಕ್ಕದ ಮನೆಯವರಿಗೆ ತೆರೆಯಬಹುದು.

ಡಿಎನ್‌ಎಸ್ ಮೂಲಕ ನಿರ್ಬಂಧ ಮಾಡಿದಾಗ ಮೇಲಿನ ಪರೀಕ್ಷೆಯ ಫಲಿತಾಂಶ ಬೇರೆಯಾಗಿರುತ್ತೆ. ವಿಕಿಪೀಡಿಯಕ್ಕೆ ವಿಳಾಸ ಬರುತ್ತೆ, ಬೇರೆ ಎಲ್ಲದಕ್ಕೂ ಬರುತ್ತೆ, ಒಂದೇ ಒಂದು ಹೆಸರಿಗೆ ಬರಲ್ಲ. ‘ಅಂಥ ಹೆಸರೇ ಇಲ್ಲ’ ಅಂತ ಉತ್ತರ ಬರಬಹುದು. 127.0.0.1 ಬರಬಹುದು, ಅಂದ್ರೆ ನಿಮ್ಮದೇ ಯಂತ್ರದ ವಿಳಾಸ. ಅಥವಾ ಬೇರೆ ಯಾವುದೋ ವಿಳಾಸ ಕೊಟ್ಟು ನಿರ್ಬಂಧದ ನೋಟಿಸ್ ಪುಟಕ್ಕೆ ಕಳಿಸಬಹುದು. ಕೆಟ್ಟ ಸರ್ವರ್ ಸಾಮಾನ್ಯವಾಗಿ ಯಾವ ಹೆಸರಿಗೂ ಬಾಯಿ ಬಿಡಲ್ಲ. ನಿರ್ಬಂಧದ ಸರ್ವರ್ ಚುರುಕಾಗಿ, ಆತ್ಮವಿಶ್ವಾಸದಿಂದ ತಪ್ಪು ವಿಳಾಸ ಹೇಳುತ್ತೆ.

2019ರ ಡಿಸೆಂಬರ್‌ನಲ್ಲಿ ಆದದ್ದು ಇವೆರಡೂ ಅಲ್ಲ. ಮೊಬೈಲ್ ಡೇಟಾವನ್ನೇ ನಿಲ್ಲಿಸಿದಾಗ 8.8.8.8ಗೂ ಪಿಂಗ್ ಹೋಗಲ್ಲ, ಯಾಕಂದ್ರೆ ರಸ್ತೆಯೇ ಇರಲ್ಲ.

ಮೂರನ್ನೂ ಬೇರೆ ಮಾಡಿ ನೋಡಬೇಕು ಅನ್ನೋದು ತಾಂತ್ರಿಕ ಶುಚಿತ್ವಕ್ಕಾಗಿ ಅಲ್ಲ. ಮೂರಕ್ಕೂ ಉತ್ತರ ಕೊಡಬೇಕಾದವರು ಬೇರೆ. ಸರ್ವರ್ ಕೆಟ್ಟರೆ ಕಂಪನಿ. ಇಡೀ ಊರಿನ ನೆಟ್ ನಿಂತರೆ ಅದಕ್ಕೊಂದು ಲಿಖಿತ ಆದೇಶ ಇರಲೇಬೇಕು. ಅಂಥ ಆದೇಶಗಳನ್ನು ಪ್ರಕಟಿಸಬೇಕು ಅಂತ ಸುಪ್ರೀಂ ಕೋರ್ಟ್ ಅನುರಾಧಾ ಭಾಸಿನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಹೇಳಿದೆ. ‘ಆದೇಶ ಎಲ್ಲಿ?’ ಅಂತ ನೀವು ಕೇಳಬಹುದು. ಒಂದು ಸೈಟ್ ಮಾತ್ರ ಮಾಯವಾದರೆ ಕತೆ ಕಷ್ಟದ್ದು. ಐಟಿ ಕಾಯ್ದೆಯ 69ಎ ಸೆಕ್ಷನ್ ಅಡಿ ಬರುವ ನಿರ್ಬಂಧಗಳನ್ನು 2009ರ ನಿಯಮಗಳು ಗೋಪ್ಯವಾಗಿಡಿ ಅನ್ನುತ್ತವೆ. ಆದೇಶವೇ ಕಣ್ಣಿಗೆ ಬೀಳದ ಕಡೆ, ಓದುಗರ ಕೈಯಲ್ಲಿ ಉಳಿಯುವ ಕುರುಹು ಆ `nslookup` ಕೊಟ್ಟ ತಪ್ಪು ವಿಳಾಸವೇ. ಅದರ ಸ್ಕ್ರೀನ್‌ಶಾಟ್, ದಿನಾಂಕ, ಸಮಯ, ಯಾವ ಕಂಪನಿಯ ಸಂಪರ್ಕ ಅನ್ನೋದು, ಜೊತೆಗೆ ಅದೇ ಹೊತ್ತಿಗೆ 1.1.1.1 ಕೊಟ್ಟ ಉತ್ತರ, ಇಷ್ಟನ್ನು ಒಟ್ಟಿಗೆ ಇಟ್ಟುಕೊಳ್ಳಿ. ಆದರೆ ದೊಡ್ಡ ಸೈಟ್‌ಗಳು ಒಂದೊಂದು ಕಡೆಯಿಂದ ಕೇಳಿದಾಗ ಒಂದೊಂದು ವಿಳಾಸ ಕೊಡೋದು ಮಾಮೂಲು. ಎರಡು ಉತ್ತರ ಬೇರೆ ಬೇರೆ ಇದ್ದ ಮಾತ್ರಕ್ಕೆ ಮೋಸ ಅಂತ ಹೇಳೋಕಾಗಲ್ಲ.

ಈ ಹೋಲಿಕೆಯನ್ನು ತಾನಾಗಿ ಮಾಡುವ `OONI Probe` ಅನ್ನೋ ಆ್ಯಪ್ ಇದೆ. ನೀವು ಕೊಟ್ಟ ಸೈಟ್ ಡಿಎನ್‌ಎಸ್‌ನಲ್ಲಿ ನಿಂತಿತಾ, ಅದರಾಚೆ ನಿಂತಿತಾ ಅಂತ ಪರೀಕ್ಷಿಸಿ ಹೇಳುತ್ತೆ. ಫಲಿತಾಂಶವನ್ನು ನಿಮ್ಮ ಇಂಟರ್ನೆಟ್ ಕಂಪನಿಯ ಗುರುತಿನೊಂದಿಗೆ ಸಾರ್ವಜನಿಕವಾಗಿ ಪ್ರಕಟಿಸುತ್ತೆ ಅನ್ನೋದನ್ನು ತಿಳಿದುಕೊಂಡೇ ಬಳಸಿ. ಸೂಕ್ಷ್ಮ ಸೈಟ್‌ಗಳನ್ನು ಪರೀಕ್ಷಿಸುವುದು ನಿಮ್ಮ ಸಂಪರ್ಕದ ದಾಖಲೆಯಲ್ಲೂ ಉಳಿಯಬಹುದು.

ಡಿಎನ್‌ಎಸ್ ಬದಲಿಸಿದರೆ ಎಲ್ಲ ನಿರ್ಬಂಧವೂ ಕಳಚುತ್ತೆ ಅನ್ನೋ ಇನ್‌ಸ್ಟಾ ರೀಲ್‌ಗಳನ್ನು ಮಾತ್ರ ನಂಬಬೇಡಿ. ಮಾಮೂಲು ಡಿಎನ್‌ಎಸ್ ಪ್ರಶ್ನೆ 53ನೇ ಪೋರ್ಟ್‌ನಲ್ಲಿ ತೆರೆದ ಅಂಚೆ ಕಾರ್ಡಿನ ಹಾಗೆ ಹೋಗುತ್ತೆ. ನೀವು 8.8.8.8ಗೆ ಕೇಳಿದ್ದನ್ನು ನಡುದಾರಿಯಲ್ಲೇ ಹಿಡಿದು ಬೇರೆ ಯಾರೋ ಉತ್ತರಿಸಬಹುದು, ನೀವು ಗೂಗಲ್ಲೇ ಹೇಳಿದ್ದು ಅಂದ್ಕೊಳ್ತೀರಿ. `Private DNS` ಗೂಢಲಿಪಿ ಬಳಸೋದರಿಂದ ಆ ಕಳ್ಳಾಟ ಅಲ್ಲಿ ನಡೆಯಲ್ಲ. ಆದರೂ ಸರಿಯಾದ ವಿಳಾಸ ಸಿಕ್ಕ ಮೇಲೆ ಬ್ರೌಸರ್ ಸಂಪರ್ಕ ಶುರು ಮಾಡುವಾಗ ತನಗೆ ಬೇಕಾದ ಸೈಟಿನ ಹೆಸರನ್ನು ಸಾಮಾನ್ಯವಾಗಿ ಬಹಿರಂಗವಾಗಿಯೇ ಹೇಳುತ್ತೆ. ಅದನ್ನು ಓದಿ ಸಂಪರ್ಕ ಕಡಿಯುವ ವಿಧಾನವನ್ನು ಜಿಯೋ ಬಳಸುತ್ತಿದ್ದುದನ್ನು ಅದೇ ಸೆಂಟರ್‌ನ ಸಂಶೋಧಕರು 2019ರಲ್ಲೇ ಗುರುತಿಸಿದ್ದರು. ಅಂಥ ಕಡೆ `nslookup` ಸರಿಯಾದ ವಿಳಾಸವನ್ನೇ ತೋರಿಸುತ್ತೆ, ಬ್ರೌಸರ್‌ನಲ್ಲಿ ಮಾತ್ರ `ERR_CONNECTION_RESET` ಅಂತ ಬರುತ್ತೆ. ಹೆಸರಿನ ಹಂತ ದಾಟಿದೆ, ತಡೆ ಅದರ ಮುಂದಿದೆ ಅಂತ ಆಗ ಓದಿಕೊಳ್ಳಬೇಕು.