ಐವತ್ತು ಪದಗಳ ಬೆನ್ನುಡಿ

ಪುಸ್ತಕದ ಅಂಗಡಿಯಲ್ಲಿ ಕಾದಂಬರಿಯೊಂದನ್ನು ಕೈಗೆತ್ತಿಕೊಂಡವರು ಮುಖಪುಟ ನೋಡಿ, ಹಿಂದಕ್ಕೆ ತಿರುಗಿಸಿ ಬೆನ್ನುಡಿ ಓದುತ್ತಾರೆ. ಕೊಳ್ಳುವುದೋ ಬಿಡುವುದೋ ಎಂಬುದು ಬಹಳ ಸಲ ಅಲ್ಲೇ ತೀರ್ಮಾನವಾಗುತ್ತದೆ. ಆ ಬೆನ್ನುಡಿ ಬರೆಯುವವರ ಮುಂದೆ ಕಾದಂಬರಿಯ ಸಾರಾಂಶ ಇರುತ್ತದೆ. ಪ್ರಕಾಶಕರಿಗೆಂದು ಬರೆದ ಸಾರಾಂಶದಲ್ಲಿ ಕೊನೆಯೂ ಇರಲೇಬೇಕು. ಅದನ್ನೇ ಹಿಂಡಿ ಐವತ್ತು ಪದಕ್ಕೆ ಇಳಿಸಲು ಹೊರಟರೆ ಕೊನೆಯೂ ಅದರ ಜೊತೆಗೇ ಇಳಿದು ಬರುತ್ತದೆ. ಹಾಗಾಗಿ ಬೆನ್ನುಡಿಗೆ ಹಿಂಡುವುದಕ್ಕಿಂತ ಕತ್ತರಿಸುವ ಕೆಲಸ ಮುಖ್ಯ.

ಎಲ್ಲಿ ಕತ್ತರಿಸಬೇಕು? ಕಥೆಯ ಮುಖ್ಯ ಪಾತ್ರ ಮತ್ತೆ ಹಿಂದಿರುಗಲಾಗದ ಮೊದಲ ಹೆಜ್ಜೆ ಇಡುವ ಜಾಗವನ್ನು ಸಾರಾಂಶದಲ್ಲಿ ಹುಡುಕಿ, ಅದರ ಮೇಲೆ ಗೆರೆ ಎಳೆಯಿರಿ. ಸಾಮಾನ್ಯವಾಗಿ ಅದು ಕಥೆಯ ಮೊದಲ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಗೆರೆಯ ಕೆಳಗಿನದನ್ನು ಮಡಚಿಡಿ. ಮೇಲಿನದರಲ್ಲಿ ಬಿಕ್ಕಟ್ಟು ಇರುತ್ತದೆ, ಪರಿಹಾರ ಇರುವುದಿಲ್ಲ. ಬೆನ್ನುಡಿಗೆ ಬೇಕಾದದ್ದು ಅಷ್ಟೇ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳೋಣ. ಅದು 1965ರಲ್ಲಿ ಬಂದ ಕಾದಂಬರಿ. ಇನ್ನೂ ಓದದವರಿಗಾಗಿ ನಾನೂ ಇಲ್ಲಿ ಗೆರೆ ದಾಟುವುದಿಲ್ಲ. ಪ್ರಾಣೇಶಾಚಾರ್ಯರು ನಾರಣಪ್ಪನ ಶವಸಂಸ್ಕಾರದ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರ ಹುಡುಕುವವರೆಗೆ ಗೆರೆಯ ಮೇಲಿನ ಭಾಗ. ಗ್ರಂಥ ಮುಚ್ಚಿಟ್ಟು ಮನೆಯಿಂದ ಹೊರಡುವುದು ಗೆರೆಯ ಕೆಳಗಿನದು.

ಈ ಮೇಲಿನ ಭಾಗವನ್ನು ಬರೆದಾಗ ಮೊದಲ ಕರಡು ತೊಂಬತ್ತು ಪದ ದಾಟಿತು. ಭಾರವಾಗಿದ್ದದ್ದು ಹೆಸರುಗಳು. ಗರುಡಾಚಾರ್ಯ, ಲಕ್ಷ್ಮಣಾಚಾರ್ಯ, ದಾಸಾಚಾರ್ಯ ಎಂದು ಸಾಲಾಗಿ ಬಂದರೆ ಹೊಸ ಓದುಗರ ಮನಸ್ಸಿನಲ್ಲಿ ಒಂದೂ ನಿಲ್ಲುವುದಿಲ್ಲ. ಮೂರು ಹೆಸರು ಉಳಿಸಿಕೊಂಡೆ. ಆಚಾರ್ಯರ ರೋಗಿ ಹೆಂಡತಿ ಭಾಗೀರಥಿಯನ್ನೂ ಬಿಟ್ಟೆ. ಬಿಕ್ಕಟ್ಟನ್ನು ಹೇಳಲು ಆಕೆ ಬೇಕಿಲ್ಲ. ನಾರಣಪ್ಪನನ್ನು ಕೊಂದ ಕಾಯಿಲೆಯ ಹೆಸರು ಯಾವ ಸಾರಾಂಶದಲ್ಲೂ ಮೊದಲಿಗೇ ಬಂದುಬಿಡುತ್ತದೆ. ಆದರೆ ಅಗ್ರಹಾರದವರಿಗೆ ಅದು ತಡವಾಗಿ ಹೊಳೆಯುತ್ತದೆ. ಅವರಿಗೆ ಗೊತ್ತಿಲ್ಲದ್ದನ್ನು ಬೆನ್ನುಡಿ ಓದುಗರಿಗೆ ಮೊದಲೇ ಹೇಳಿದರೆ ಅವರ ದಿಗಿಲನ್ನು ಕಸಿದಂತೆ. ಇಷ್ಟೆಲ್ಲ ಕಳೆದ ಮೇಲೆ ಉಳಿದದ್ದು ಸರಿಯಾಗಿ ಐವತ್ತು ಪದ:

“ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಬದುಕಿದ್ದಾಗ ಆಚಾರಗಳನ್ನೆಲ್ಲ ಧಿಕ್ಕರಿಸಿದವನು ಅವನು. ಆದರೂ ಅವನನ್ನು ಬಹಿಷ್ಕರಿಸಿರಲಿಲ್ಲ. ಹಾಗಾಗಿ ಸಂಸ್ಕಾರ ಮಾಡಲೇಬೇಕು. ಮಾಡಿದವನ ಬ್ರಾಹ್ಮಣ್ಯ ಉಳಿಯುವುದೇ? ಹೆಣ ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ, ದೇವರ ಪೂಜೆಯೂ ಇಲ್ಲ. ನಾರಣಪ್ಪನ ಜೊತೆಗಿದ್ದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿಡುತ್ತಾಳೆ. ಬೇಡವೆಂದವರಲ್ಲೂ ಆಸೆ ಚಿಗುರುತ್ತದೆ. ಉತ್ತರಕ್ಕಾಗಿ ಎಲ್ಲರೂ ನೋಡುವುದು ಪ್ರಾಣೇಶಾಚಾರ್ಯರ ಕಡೆಗೆ. ಶಾಸ್ತ್ರವನ್ನೆಲ್ಲ ಅರೆದು ಕುಡಿದ ಅವರು ರಾತ್ರಿಯಿಡೀ ಓಲೆಗರಿಗಳನ್ನು ತಿರುವುತ್ತಾರೆ. ಗ್ರಂಥದಲ್ಲಿ ಇಲ್ಲದ್ದನ್ನು ಎಲ್ಲಿ ಹುಡುಕುವುದು?”

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಉಪವಾಸದ ಸಾಲು. ಹೆಣ ಕಾಯುತ್ತಿದೆ, ಹೊಟ್ಟೆಯೂ ಕಾಯುತ್ತಿದೆ. ಗಡುವು ತಾನಾಗಿ ಹುಟ್ಟುತ್ತದೆ. ‘ರೋಚಕ’, ‘ಮನಕಲಕುವ’ ಎಂಬ ವಿಶೇಷಣಗಳಿಗೆ ಐವತ್ತರಲ್ಲಿ ಜಾಗ ಕೊಡಬೇಕಾಗುವುದಿಲ್ಲ.

ಕೊನೆಯ ಪ್ರಶ್ನೆ ನನ್ನ ಮೊದಲ ಕರಡಿನಲ್ಲಿ ಹೀಗಿರಲಿಲ್ಲ. “ನಾರಣಪ್ಪನ ಸಂಸ್ಕಾರ ಮಾಡುವವರು ಯಾರು?” ಎಂದು ಮುಗಿಸಿದ್ದೆ. ಗುಟ್ಟೇನೋ ಉಳಿಯುತ್ತಿತ್ತು. ಆದರೆ ಆ ಪ್ರಶ್ನೆಗೆ ಕಾದಂಬರಿ ನಡುವಿನಲ್ಲೇ ಉತ್ತರ ಕೊಟ್ಟುಬಿಡುತ್ತದೆ. ಅದನ್ನೇ ನಂಬಿ ಬಂದ ಓದುಗರಿಗೆ ಉಳಿದ ಪುಟಗಳು ಬೇರೆ ಕಥೆಯಂತೆ ಕಾಣಬಹುದು. ಆಚಾರ್ಯರ ಹುಡುಕಾಟವಾದರೋ ಕೊನೆಯ ಪುಟದವರೆಗೂ ನಡೆಯುತ್ತದೆ. ಹೀಗೆ ಬೆನ್ನುಡಿ ಮುಗಿಯುವ ಪ್ರಶ್ನೆ ಗೆರೆಯ ಮೇಲೆಯೇ ಹುಟ್ಟಬೇಕು, ಕಾದಂಬರಿಯ ಕೊನೆಯವರೆಗೂ ಬಾಳಬೇಕು.

ಗುಟ್ಟು ಸೋರುವುದು ಘಟನೆಗಳಿಂದ ಮಾತ್ರವಲ್ಲ. ‘ಪತನ’, ‘ಪಶ್ಚಾತ್ತಾಪ’, ‘ತ್ಯಾಗ’ ಇಂಥ ಒಂದೊಂದು ಪದವೂ ಕೊನೆಯನ್ನು ಹೊತ್ತುಕೊಂಡೇ ಬರುತ್ತದೆ. ಕನ್ನಡದಲ್ಲಿ ಪ್ರತ್ಯಯವೂ ಬಾಯಿಬಿಡುತ್ತದೆ. ಪತ್ತೇದಾರಿ ಕಾದಂಬರಿಯ ಬೆನ್ನುಡಿಯಲ್ಲಿ “ಕೊಂದವಳು ಯಾರು?” ಎಂದರೆ ಶಂಕಿತರಲ್ಲಿ ಗಂಡಸರೆಲ್ಲ ಅಲ್ಲೇ ಪಾರಾದರು. “ಕೊಂದದ್ದು ಯಾರು?” ಎಂದರೆ ಎಲ್ಲರೂ ಉಳಿಯುತ್ತಾರೆ.

ಬರೆದದ್ದನ್ನು ಪರೀಕ್ಷಿಸಲು ಕಾದಂಬರಿ ಓದದ ಇಬ್ಬರು ಸಾಕು. ಓದಲು ಕೊಟ್ಟು, ಮುಂದೇನಾಗಬಹುದು ಎಂದು ಕೇಳಿ. ಇಬ್ಬರೂ ಕೊನೆಯನ್ನೇ ಹೇಳಿದರೆ ಯಾವ ಪದದಿಂದ ಊಹಿಸಿದಿರಿ ಎಂದು ಕೇಳಿ, ಆ ಪದ ತೆಗೆಯಿರಿ. ಏನೂ ತೋಚುತ್ತಿಲ್ಲ ಎಂದರೆ ಬಿಕ್ಕಟ್ಟು ತಲುಪಿಲ್ಲ ಎಂದರ್ಥ. ಇಬ್ಬರೂ ಬೇರೆ ಬೇರೆ ಉತ್ತರ ಹೇಳಿ, ತಮ್ಮದೇ ಸರಿಯೆಂದು ವಾದಕ್ಕೆ ನಿಂತರೆ ಬೆನ್ನುಡಿ ಅಚ್ಚಿಗೆ ಹೋಗಬಹುದು.