ಶೋರೂಮಿನ ಏಳು, ಬ್ಯಾಂಕಿನ ಒಂಬತ್ತೂವರೆ

ಟೆಸ್ಟ್ ಡ್ರೈವ್ ಮುಗಿಸಿ, ಕಾರಿನ ಬಣ್ಣವನ್ನೂ ಆರಿಸಿಯಾದ ಮೇಲೆ ಶೋರೂಮಿನವರು ಗಿರಾಕಿಯನ್ನು ಫೈನಾನ್ಸ್ ಟೇಬಲ್ಲಿಗೆ ಕರೆದೊಯ್ಯುತ್ತಾರೆ. ‘ಬ್ಯಾಂಕಲ್ಲಿ ಒಂಬತ್ತೂವರೆ ಹೇಳಿರಬೇಕಲ್ವಾ ಸರ್? ನಮ್ಮಲ್ಲಿ ಬರೀ ಏಳು. ಸಂಜೆಯೊಳಗೆ ಸ್ಯಾಂಕ್ಷನ್ ಮಾಡಿಸಿಕೊಡ್ತೀವಿ.’ ಆ ಮಾತು ಸುಳ್ಳೇನಲ್ಲ. ಆದರೆ ಆ ಏಳನ್ನು ಲೆಕ್ಕ ಹಾಕುವ ಬಗೆಯೇ ಬೇರೆ.

ಎಂಟು ಲಕ್ಷ ಸಾಲ, ಐದು ವರ್ಷಕ್ಕೆ 60 ಕಂತು ಎಂದಿಟ್ಟುಕೊಳ್ಳಿ. ಶೋರೂಮಿನ ಏಳು ಎಷ್ಟೋ ಸಲ ಫ್ಲಾಟ್ ದರವಾಗಿರುತ್ತದೆ. ಅಂದರೆ ನೀವು ಅಸಲು ತೀರಿಸುತ್ತ ಹೋದರೂ ಕೊನೆಯ ತಿಂಗಳವರೆಗೂ ಪೂರ್ತಿ ಎಂಟು ಲಕ್ಷಕ್ಕೇ ಬಡ್ಡಿ. ವರ್ಷಕ್ಕೆ 56,000ದಂತೆ ಐದು ವರ್ಷಕ್ಕೆ 2,80,000 ರೂಪಾಯಿ. ಕಂತು ಸರಿಯಾಗಿ 18,000. ಬ್ಯಾಂಕಿನ ಒಂಬತ್ತೂವರೆ ರೆಡ್ಯೂಸಿಂಗ್ ದರ. ಅಲ್ಲಿ ಉಳಿದ ಅಸಲಿಗಷ್ಟೇ ಬಡ್ಡಿ. ಕಂತು ಸುಮಾರು 16,800, ಒಟ್ಟು ಬಡ್ಡಿ 2,08,000ದ ಆಸುಪಾಸು. ಕಡಿಮೆ ಅಂಕಿಯ ಸಾಲವೇ 72,000 ರೂಪಾಯಿ ದುಬಾರಿಯಾಯಿತು.

ಫ್ಲಾಟ್ ಏಳನ್ನು ರೆಡ್ಯೂಸಿಂಗ್‌ಗೆ ತಿರುಗಿಸಿದರೆ ಹನ್ನೆರಡೂವರೆ ಬರುತ್ತದೆ. ನಂಬಿಕೆ ಬಾರದಿದ್ದರೆ ಎಕ್ಸೆಲ್‌ನಲ್ಲಿ ಹೀಗೆ ಬರೆದು ನೋಡಿ; ಕಂತಿನ ಸಂಖ್ಯೆ, ಕಂತಿನ ಮೊತ್ತ, ಸಾಲ ಇಷ್ಟು ಗೊತ್ತಿದ್ದರೆ ಸಾಕು:

```
=RATE(60,-18000,800000)*12
```

ಅಂದಹಾಗೆ, ಡೀಲರ್ ತಾನೇ ಸಾಲ ಕೊಡುವುದಿಲ್ಲ. ಕೊಡುವುದು ಯಾವುದೋ ಬ್ಯಾಂಕು, ಇಲ್ಲವೇ ಫೈನಾನ್ಸ್ ಕಂಪನಿ. ಸಾಲ ಕುದುರಿಸಿದ್ದಕ್ಕೆ ಶೋರೂಮಿಗೆ ಸಾಮಾನ್ಯವಾಗಿ ಕಮಿಷನ್ ಇರುತ್ತದೆ. ಹಾಗಾಗಿ ದರದಲ್ಲಿ ಚೌಕಾಸಿಗೆ ಜಾಗ ಇದ್ದೇ ಇರುತ್ತದೆ. ನಿಮ್ಮ ಬ್ಯಾಂಕಿನ ಸ್ಯಾಂಕ್ಷನ್ ಪತ್ರವನ್ನು ಟೇಬಲ್ಲಿನ ಮೇಲಿಟ್ಟರೆ ಏಳು ಆರಕ್ಕಿಳಿದರೂ ಇಳಿಯಬಹುದು. ಕಾರು ಕಂಪನಿಯೇ ಬಡ್ಡಿಯ ಒಂದು ಪಾಲು ಭರಿಸುವ ಯೋಜನೆಗಳೂ ಉಂಟು. ಅಂಥವು ನಿಜಕ್ಕೂ ಅಗ್ಗವಾಗಬಹುದು. ಆದರೆ ಆ ಸಾಲ ಬೇಡವೆಂದರೆ ಕಾರಿನ ಬೆಲೆಯಲ್ಲಿ ಎಷ್ಟು ಬಿಡುತ್ತೀರಿ ಎಂದು ಕೇಳಿಕೊಂಡೇ ಮುಂದುವರಿಯಿರಿ.

ಪ್ರೊಸೆಸಿಂಗ್ ಶುಲ್ಕದ್ದು ಅಷ್ಟು ದೊಡ್ಡ ಕಥೆಯಲ್ಲ. ಶೇ. 1 ಎಂದರೆ 8,000, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 9,440. ಹಬ್ಬದ ದಿನಗಳಲ್ಲಿ ಬ್ಯಾಂಕುಗಳು ಇದನ್ನು ಕಡಿಮೆ ಮಾಡುವುದೂ ಪೂರ್ತಿ ಬಿಡುವುದೂ ಉಂಟು. ಕಣ್ಣಿಡಬೇಕಾದ್ದು ಇದರ ಹಿಂದೆಯೇ ನುಸುಳುವ ಡಾಕ್ಯುಮೆಂಟೇಷನ್ ಶುಲ್ಕ, ಸಾಲಕ್ಕೆ ಅಂಟಿಸಿದ ವಿಮೆ, ಮೊದಲೇ ಹಿಡಿದುಕೊಳ್ಳುವ ಅಡ್ವಾನ್ಸ್ ಕಂತುಗಳ ಮೇಲೆ.

ನಿಜವಾದ ಪೆಟ್ಟು ಬೀಳುವುದು ಸಾಲವನ್ನು ಬೇಗ ತೀರಿಸಲು ಹೋದಾಗ. ಎರಡು ವರ್ಷ ಕಂತು ಕಟ್ಟಿದವರು, 60ರಲ್ಲಿ 24 ಮುಗಿಯಿತು, ಇನ್ನು 4,80,000 ಅಸಲು ಉಳಿದಿರಬೇಕು ಎಂದುಕೊಳ್ಳುತ್ತಾರೆ. ಸ್ಟೇಟ್‌ಮೆಂಟ್ ತೆಗೆಸಿದರೆ ಅದು 5,38,000 ಎನ್ನುತ್ತದೆ. ಮಾರುವಾಗ ಫ್ಲಾಟ್ ಎಂದರೂ ಪುಸ್ತಕದಲ್ಲಿ ಲೆಕ್ಕ ನಡೆಯುವುದು ಹನ್ನೆರಡೂವರೆಯ ಪ್ರಕಾರವೇ. ಮೊದಲ ತಿಂಗಳ 18,000ದಲ್ಲಿ 8,300ಕ್ಕೂ ಹೆಚ್ಚು ಬಡ್ಡಿಗೇ ಹೋಗಿರುತ್ತದೆ. ಇದರ ಮೇಲೆ, ಅವಧಿಗೆ ಮುನ್ನ ತೀರಿಸಿದರೆ ಶೇ. 5 ಶುಲ್ಕ ಎಂದು ಕರಾರಿನಲ್ಲಿದ್ದರೆ ಜಿಎಸ್‌ಟಿ ಸೇರಿ ಮತ್ತೆ ಸುಮಾರು 31,700.

ಈ ಶುಲ್ಕ ಹಾಕಬಹುದೋ ಇಲ್ಲವೋ ಎಂಬುದಕ್ಕೆ ಸಾಲ ಫ್ಲೋಟಿಂಗ್ ದರದ್ದೇ, ಫಿಕ್ಸೆಡ್ ದರದ್ದೇ ಎಂದು ನೋಡಬೇಕು. ಸ್ವಂತ ಬಳಕೆಗೆ ವ್ಯಕ್ತಿಗಳು ಪಡೆದ ಫ್ಲೋಟಿಂಗ್ ದರದ ಸಾಲವನ್ನು ಬೇಗ ತೀರಿಸಿದರೆ ಶುಲ್ಕ ಹಾಕುವಂತಿಲ್ಲ. 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿರ್ದೇಶನ ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಇಷ್ಟು ತಿಂಗಳು ಕಾಯಲೇಬೇಕು ಎಂಬ ಷರತ್ತೂ ಇಲ್ಲ, ಹಣ ಎಲ್ಲಿಂದ ತಂದಿರಿ ಎಂಬ ತಕರಾರೂ ಇಲ್ಲ. ಫಿಕ್ಸೆಡ್ ಸಾಲಕ್ಕೆ ಈ ರಕ್ಷೆಯಿಲ್ಲ. ಶೋರೂಮಿನ ಫೈನಾನ್ಸ್ ಹೆಚ್ಚಾಗಿ ಫಿಕ್ಸೆಡ್ಡೇ. ಬ್ಯಾಂಕುಗಳಲ್ಲೂ ಎಷ್ಟೋ ಕಾರ್ ಲೋನುಗಳು ಫಿಕ್ಸೆಡ್. ಬ್ಯಾಂಕು ಎಂದಾಕ್ಷಣ ನಿಶ್ಚಿಂತರಾಗಬೇಡಿ. ಫ್ಲೋಟಿಂಗ್‌ನಲ್ಲಿ ಬಡ್ಡಿ ಏರುವ ಭಯವೂ ಇದೆ. ಐದು ವರ್ಷ ಅಲುಗಾಡದೆ ಕಂತು ಕಟ್ಟುವವರಿಗೆ ಫಿಕ್ಸೆಡ್ ಸರಿಹೋದೀತು. ಬೋನಸ್ಸೋ ಅಡಿಕೆ ದುಡ್ಡೋ ಬಂದಾಗ ಸಾಲ ತೀರಿಸಿಬಿಡೋಣ ಎನ್ನುವವರು ಫ್ಲೋಟಿಂಗನ್ನೇ ಹುಡುಕುವುದು ಒಳ್ಳೆಯದು.

ಇಷ್ಟನ್ನೂ ಒಂದೇ ಕಾಗದದಲ್ಲಿ ನೋಡುವ ದಾರಿ ಈಗ ಇದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡುವುದು ಕಡ್ಡಾಯ. ಶುಲ್ಕಗಳನ್ನೂ ಸೇರಿಸಿ ಲೆಕ್ಕ ಹಾಕಿದ ವಾರ್ಷಿಕ ದರ ಅದರಲ್ಲಿ ಎಪಿಆರ್ ಎಂಬ ಹೆಸರಿನಲ್ಲಿರುತ್ತದೆ. ಫ್ಲಾಟ್ ಏಳರ ಬಣ್ಣ ಬಯಲಾಗುವುದು ಅಲ್ಲೇ. ಅದರಲ್ಲಿ ನಮೂದಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂಬ ನಿಯಮವೂ ಇರುವುದರಿಂದ ಕನ್ನಡದಲ್ಲೇ ಕೇಳಿ. ಆ ದರ ಕನಿಷ್ಠ ಮೂರು ಕೆಲಸದ ದಿನ ಊರ್ಜಿತ. ‘ಇವತ್ತೇ ಸಹಿ ಹಾಕಿ ಸರ್, ನಾಳೆ ಆಫರ್ ಇರಲ್ಲ’ ಎಂದರೂ ಕಾಗದ ಮನೆಗೆ ತಂದು, ಬ್ಯಾಂಕಿನದರ ಪಕ್ಕದಲ್ಲಿಟ್ಟು ನೋಡಿ ಆಮೇಲೆ ಸಹಿ ಹಾಕಿ.